ಟ್ರೇಡ್‌ಮಾರ್ಕ್ ರಿಪೋರ್ಟ್‌ನಲ್ಲಿ ಆಬ್ಜೆಕ್ಷನ್ ಬಂದಿದೆಯಾ? ಸಣ್ಣ ಬ್ರ್ಯಾಂಡ್ ಮಾಲೀಕರಿಗೆ ಅದನ್ನು ಬಿಡಿಸಿ ಹೇಳುವ ಬಗೆ

ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿದ ಮೇಲೆ ರಿಜಿಸ್ಟ್ರಿಯಿಂದ ಬರುವ ಮೊದಲ ಮುಖ್ಯ ಕಾಗದ ಎಕ್ಸಾಮಿನೇಷನ್ ರಿಪೋರ್ಟ್. ಒಂದು ಪಿಡಿಎಫ್, ಪೂರ್ತಿ ಇಂಗ್ಲಿಷ್‌ನಲ್ಲಿ. ಅದರಲ್ಲಿ ಸೆಕ್ಷನ್ ನಂಬರುಗಳು, ಉದ್ದುದ್ದ ವಾಕ್ಯಗಳು, ಕೊನೆಗೆ ಬೇರೆ ಯಾರದೋ ಬ್ರ್ಯಾಂಡುಗಳ ಪಟ್ಟಿ. ಮನೆಯಲ್ಲಿ ಚಟ್ನಿಪುಡಿ, ರೊಟ್ಟಿ, ಅಗರಬತ್ತಿ ಮಾಡಿ ಮಾರುವವರು ಇದನ್ನು ನೋಡಿದರೆ ಗಾಬರಿ ಬೀಳುತ್ತಾರೆ. ಆಮೇಲೆ ಅದನ್ನು ಓದಿ ಹೇಳುವ ಕೆಲಸ ಕಾಲೇಜಿಗೆ ಹೋಗುವ ಮಗಳಿಗೋ, ಜಿಎಸ್‌ಟಿ ಫೈಲ್ ಮಾಡುವ ಅಕೌಂಟೆಂಟಿಗೋ, ಊರಿನ ವಕೀಲರಿಗೋ ಬರುತ್ತದೆ. ಈ ಬರಹ ಹಾಗೆ ಓದಿ ಹೇಳುವವರಿಗೆ. ಮಾಲೀಕರೇ ಓದಿಕೊಂಡರೂ ಆಯಿತು.

ರಿಪೋರ್ಟನ್ನು ಸಾಲು ಸಾಲಾಗಿ ಕನ್ನಡಕ್ಕೆ ಮಾಡಿ ಹೇಳಿದರೆ ಏನೂ ಅರ್ಥವಾಗುವುದಿಲ್ಲ. ಅದರ ಬಹುಪಾಲು ವಾಕ್ಯಗಳು ಎಲ್ಲರಿಗೂ ಒಂದೇ ರೀತಿ ಹೋಗುವ ಸಿದ್ಧ ವಾಕ್ಯಗಳು. ಪ್ರತಿ ಆಬ್ಜೆಕ್ಷನ್ ಹಿಂದೆ ಒಂದು ನೇರ ಪ್ರಶ್ನೆ ಇರುತ್ತದೆ. ಅದಕ್ಕೆ ಉತ್ತರ ಇರುವುದು ಮಾಲೀಕರ ಬಿಲ್ ಬುಕ್ಕಿನಲ್ಲಿ, ಅವರ ಪ್ಯಾಕೆಟ್ಟಿನ ಮೇಲೆ, ಅವರ ನೆನಪಿನಲ್ಲಿ. ಆ ಪ್ರಶ್ನೆ ಯಾವುದು ಅಂತ ಹುಡುಕಿ ಅವರ ಮುಂದೆ ಇಡುವುದೇ ನಿಮ್ಮ ಕೆಲಸ.

ಮೊದಲು ಗಾಬರಿ ಇಳಿಸಿ, ಆಮೇಲೆ ದಿನ ಎಣಿಸಿ

ವಿವರಿಸಲು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಹುಬ್ಬಳ್ಳಿ ಕಡೆಯ ಒಬ್ಬ ಅಕ್ಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಪ್ಯಾಕೆಟ್ ಮಾಡಿ ಮಾರುತ್ತಾರೆ. ಪ್ಯಾಕೆಟ್ ಮೇಲೆ ಒಂದು ನಕ್ಷತ್ರದ ಚಿತ್ರ, ಅದರ ಕೆಳಗೆ ಕನ್ನಡದಲ್ಲಿ ‘ಬೆಳ್ಳಿಚುಕ್ಕಿ ಖಡಕ್ ರೊಟ್ಟಿ’. ಆ ಲೇಬಲ್ಲಿಗೇ 2024ರ ಜೂನ್ 10ರಂದು ಏಜೆಂಟ್ ಮೂಲಕ 30ನೇ ಕ್ಲಾಸಿನಲ್ಲಿ ಅರ್ಜಿ ಹಾಕಿದ್ದಾರೆ. ಕ್ಲಾಸ್ ಅಂದರೆ ಟ್ರೇಡ್‌ಮಾರ್ಕ್‌ಗಾಗಿ ಸರಕುಗಳನ್ನು ವಿಂಗಡಿಸಿದ ಗುಂಪು. ನವೆಂಬರ್ 4ಕ್ಕೆ ರಿಪೋರ್ಟ್ ಈಮೇಲಿಗೆ ಬಂದಿದೆ. ವೆಬ್‌ಸೈಟಿನಲ್ಲಿ ಸ್ಟೇಟಸ್ `Objected` ಅಂತ ತೋರಿಸುತ್ತಿದೆ.

ಅಕ್ಕ ಕೇಳುವ ಮೊದಲ ಪ್ರಶ್ನೆ ಇದೇ ಇರುತ್ತದೆ: ‘ಅಂದ್ರ ನನ್ನ ಹೆಸರು ಹೋತೇನ್ರಿ?’

ಹೋಗಿಲ್ಲ. `Objected` ಅಂದರೆ ರಿಜಿಸ್ಟ್ರಿಯ ಅಧಿಕಾರಿ ಅರ್ಜಿ ನೋಡಿ ಕೆಲವು ಅನುಮಾನ ಎತ್ತಿದ್ದಾರೆ, ಉತ್ತರ ಕೇಳಿದ್ದಾರೆ ಅಂತ ಅಷ್ಟೇ. ಅರ್ಜಿ ತಿರಸ್ಕಾರ ಆಗಿದ್ದರೆ `Refused` ಅಂತ ಇರುತ್ತಿತ್ತು. ಇನ್ನೊಂದು ಪದವೂ ಇದೆ, `Opposed`. ಕೇಳಲು ಹತ್ತಿರ ಹತ್ತಿರ ಇರುವುದರಿಂದ ಜನ ಇದನ್ನೂ ಆಬ್ಜೆಕ್ಷನ್ ಅಂದುಕೊಳ್ಳುತ್ತಾರೆ. ಅದು ಬೇರೆಯದೇ ವಿಷಯ. ಅರ್ಜಿ ಮುಂದೆ ಹೋಗಿ ಟ್ರೇಡ್‌ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಹೊರಗಿನವರು ಯಾರಾದರೂ ತಕರಾರು ಹಾಕಿದರೆ ಮಾತ್ರ ಆ ಪದ ಬರುತ್ತದೆ. ಈಗ ಬಂದಿರುವುದು ಇಲಾಖೆಯ ಪ್ರಶ್ನೆ, ಎದುರಾಳಿಯ ಕೇಸ್ ಅಲ್ಲ.

ಎರಡನೇ ಭಯ, ‘ಮಾರೋದು ನಿಲ್ಲಿಸಬೇಕಾ?’ ಈ ರಿಪೋರ್ಟ್ ಮಾರಾಟ ನಿಲ್ಲಿಸಿ ಅಂತ ಯಾರಿಗೂ ಹೇಳುವುದಿಲ್ಲ. ಹೆಸರಿನ ಪಕ್ಕ ™ ಗುರುತು ಹಾಕಿಕೊಳ್ಳುವುದನ್ನೂ ಮುಂದುವರಿಸಬಹುದು. ® ಗುರುತು ಮಾತ್ರ ನೋಂದಣಿ ಆಗುವ ತನಕ ಹಾಕುವಂತಿಲ್ಲ. ಆದರೆ ಒಂದು ಮಾತು ಮುಚ್ಚಿಡಬೇಡಿ. ರಿಪೋರ್ಟಿನಲ್ಲಿ ಹೆಸರಿಸಿರುವ ಬ್ರ್ಯಾಂಡಿನವರು ಬೇಕಾದರೆ ಬೇರೆಯಾಗಿ ಕೋರ್ಟಿಗೆ ಹೋಗಬಹುದು. ಆ ಸಾಧ್ಯತೆ ರಿಪೋರ್ಟ್ ಬರುವ ಮುಂಚೆಯೂ ಇತ್ತು, ಈಗಲೂ ಇದೆ.

ಇಷ್ಟು ಹೇಳಿದ ಮೇಲೆ ದಿನದ ಲೆಕ್ಕಕ್ಕೆ ಬನ್ನಿ. 2017ರ ಟ್ರೇಡ್‌ಮಾರ್ಕ್ಸ್ ನಿಯಮಗಳ ಪ್ರಕಾರ ರಿಪೋರ್ಟ್ ಕೈಸೇರಿದ 30 ದಿನದೊಳಗೆ ಉತ್ತರ ಕೊಡಬೇಕು. ಈಮೇಲ್ ವಿಷಯದಲ್ಲಿ ಕೈಸೇರುವುದು ಅಂದರೆ ಕಳಿಸಿದ ಕ್ಷಣವೇ. ನೀವು ಎಂದು ತೆರೆದು ನೋಡಿದಿರಿ ಅನ್ನುವುದು ಲೆಕ್ಕಕ್ಕಿಲ್ಲ. ನಮ್ಮ ಅಕ್ಕನಿಗೆ ನವೆಂಬರ್ 4ಕ್ಕೆ ಬಂದಿದೆ, ಹಾಗಾಗಿ ಡಿಸೆಂಬರ್ 4 ಕೊನೆಯ ದಿನ. ಉತ್ತರ ಹೋಗದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ ಪರಿಗಣಿಸುವ ಅಧಿಕಾರ ರಿಜಿಸ್ಟ್ರಾರ್‌ಗೆ ಇದೆ. ಆಗ ಸ್ಟೇಟಸ್ `Abandoned` ಆಗುತ್ತದೆ.

ಇಲ್ಲೇ ಜಾಸ್ತಿ ಜನ ಕೆಡುವುದು. ಅರ್ಜಿಯಲ್ಲಿ ಕೊಟ್ಟ ಈಮೇಲ್ ಏಜೆಂಟರದ್ದೋ, ಸೈಬರ್ ಸೆಂಟರಿನವರದ್ದೋ ಆಗಿರುತ್ತದೆ. ರಿಪೋರ್ಟ್ ಅಲ್ಲಿಗೆ ಹೋಗಿ ಕೂತಿರುತ್ತದೆ, ಮಾಲೀಕರಿಗೆ ಸುದ್ದಿಯೇ ಇರುವುದಿಲ್ಲ. ಆದ್ದರಿಂದ ಅರ್ಜಿ ನಂಬರ್ ಹಾಕಿ ipindia.gov.in ಸೈಟಿನಲ್ಲಿ ಸ್ಟೇಟಸ್ ನೀವೇ ನೋಡಿ. ಆ ಪುಟದಲ್ಲೇ `View Examination Report` ಅಂತ ಇರುತ್ತದೆ. ಅರ್ಜಿಯ ವಿವರ ಎಲ್ಲರೂ ನೋಡುವಂತೆ ಸೈಟಿನಲ್ಲಿ ಇರುವುದರಿಂದ ಈ ಹಂತದಲ್ಲಿ ಅಪರಿಚಿತರಿಂದ ಫೋನ್ ಬರುವುದೂ ಉಂಟು. ‘ಇವತ್ತೇ ಇಷ್ಟು ಕಟ್ಟಿ, ಇಲ್ಲದಿದ್ದರೆ ನಿಮ್ಮ ಬ್ರ್ಯಾಂಡ್ ಹೋಗುತ್ತೆ’ ಅಂತ ಹೆದರಿಸುತ್ತಾರೆ. ರಿಪೋರ್ಟಿಗೆ ಉತ್ತರ ಸಲ್ಲಿಸಲು ಸರ್ಕಾರಿ ಫೀ ಏನೂ ಇಲ್ಲ. ವಕೀಲರ ಅಥವಾ ಏಜೆಂಟರ ಫೀ ಬೇರೆ. ಈ ಎರಡನ್ನು ಬಿಡಿಸಿ ಹೇಳಿದರೆ ಅಂಥ ಫೋನಿಗೆ ಅವರು ದುಡ್ಡು ಕಳೆದುಕೊಳ್ಳುವುದಿಲ್ಲ.

ರಿಪೋರ್ಟ್ ಓದುವ ಮುಂಚೆ ಅರ್ಜಿ ಓದಿ

ಇದು ವಿಚಿತ್ರ ಅನ್ನಿಸಬಹುದು. ಆದರೆ ಅರ್ಧ ಆಬ್ಜೆಕ್ಷನ್‌ಗಳ ಬೇರು ಅರ್ಜಿಯಲ್ಲೇ ಇರುತ್ತದೆ ಅನ್ನುವುದು ನನ್ನ ಅನುಭವ. TM-A ಅನ್ನುವ ಆ ಅರ್ಜಿಯ ಪ್ರತಿ ತೆಗೆದು ಮೂರು ಜಾಗ ನೋಡಿ.

ಒಂದು, ಸರಕಿನ ಪಟ್ಟಿ. ಅಕ್ಕ ಮಾರುವುದು ರೊಟ್ಟಿ, ಚಟ್ನಿಪುಡಿ. ಏಜೆಂಟ್ ಬರೆದಿರುವುದು ಕಾಫಿ, ಟೀ, ಕೋಕೋ, ಸಕ್ಕರೆ, ಅಕ್ಕಿ, ಬಿಸ್ಕತ್ತು, ಬ್ರೆಡ್, ಐಸು, ಮಸಾಲೆ ಎಲ್ಲ. 30ನೇ ಕ್ಲಾಸಿನ ತಲೆಬರಹವನ್ನೇ ಹಾಗೇ ಎತ್ತಿ ಹಾಕಿದ್ದಾರೆ. ‘ಎಲ್ಲಾ ಇರಲಿ, ಮುಂದೆ ಬೇಕಾಗಬಹುದು’ ಅಂತ ಮಾಡುವ ಈ ಅಭ್ಯಾಸದಿಂದ ಎಷ್ಟು ತೊಂದರೆ ಆಗುತ್ತದೆ ಅನ್ನುವುದು ಸ್ವಲ್ಪ ಮುಂದೆ ಗೊತ್ತಾಗುತ್ತದೆ.

ಎರಡು, ಬಳಕೆಯ ದಿನಾಂಕ. ಹೆಸರನ್ನು ಯಾವಾಗಿನಿಂದ ಬಳಸುತ್ತಿದ್ದೀರಿ ಅಂತ ಅಲ್ಲಿ ಇರುತ್ತದೆ. ದಿನಾಂಕ ಕೊಟ್ಟಿದ್ದರೆ ಅದಕ್ಕೆ ಬೆಂಬಲವಾಗಿ ಅರ್ಜಿ ಜೊತೆಗೇ ಅಫಿಡವಿಟ್ ಮತ್ತು ದಾಖಲೆ ಕೊಡಬೇಕು ಅಂತ ನಿಯಮ ಇದೆ. ಆ ಕೆಲಸ ತಪ್ಪಿಸಿಕೊಳ್ಳಲು ಕೆಲವರು `Proposed to be used` ಅಂತ, ಅಂದರೆ ಇನ್ನು ಮುಂದೆ ಬಳಸುತ್ತೇವೆ ಅಂತ ಹಾಕಿಬಿಡುತ್ತಾರೆ. ಆರು ವರ್ಷದಿಂದ ಮಾರುತ್ತಿರುವವರ ಅರ್ಜಿಯಲ್ಲೂ ಹೀಗೆ ಇದ್ದರೆ, ನಾವು ಹಳಬರು ಅಂತ ಆಮೇಲೆ ವಾದ ಮಾಡುವುದು ಬಹಳ ಕಷ್ಟ. ನಮ್ಮ ಅಕ್ಕನ ಅರ್ಜಿಯಲ್ಲಿ 2018ರ ಏಪ್ರಿಲ್ 1 ಅಂತ ಇದೆ. ಒಳ್ಳೆಯದು.

ಮೂರು, ಕನ್ನಡ ಹೆಸರಿನ ಇಂಗ್ಲಿಷ್ ಅರ್ಥ. ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯಲ್ಲಿ ಹೆಸರಿದ್ದರೆ ಅದರ ಉಚ್ಚಾರ ಮತ್ತು ಅರ್ಥ ಎರಡನ್ನೂ ಅರ್ಜಿಯಲ್ಲಿ ಕೊಡಬೇಕು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ನೋಡುವ ಅಧಿಕಾರಿಗೆ ಕನ್ನಡ ಬಾರದಿದ್ದರೆ ಅವರಿಗೆ ಕಾಣುವುದು ಆ ಅರ್ಥ ಮಾತ್ರ. ಅದು ತಪ್ಪಾಗಿದ್ದರೆ ಉತ್ತರದ ಜೊತೆಗೇ ತಿದ್ದಿಸಿ.

ಎರಡು ಆಬ್ಜೆಕ್ಷನ್, ಎರಡು ಪ್ರಶ್ನೆ

ಸಣ್ಣ ಬ್ರ್ಯಾಂಡುಗಳಿಗೆ ಬರುವ ಆಬ್ಜೆಕ್ಷನ್‌ಗಳಲ್ಲಿ ಹೆಚ್ಚಿನವು 1999ರ ಟ್ರೇಡ್‌ಮಾರ್ಕ್ಸ್ ಕಾಯ್ದೆಯ ಎರಡು ಸೆಕ್ಷನ್‌ಗಳವು. ಸೆಕ್ಷನ್ 9 ಕೇಳುವುದು, ‘ಈ ಹೆಸರು ಒಬ್ಬರ ಸ್ವತ್ತು ಆಗುವಂಥದ್ದಾ?’ ಸೆಕ್ಷನ್ 11 ಕೇಳುವುದು, ‘ಇದೇ ಥರದ ಹೆಸರು ನಿಮಗಿಂತ ಮುಂಚೆ ಬೇರೆಯವರ ಹತ್ತಿರ ಇದೆಯಲ್ಲ?’ ಮೊದಲನೆಯದರಲ್ಲಿ ಬೇರೆ ಯಾರ ಬ್ರ್ಯಾಂಡಿನ ಮಾತೂ ಇಲ್ಲ, ನಿಮ್ಮ ಹೆಸರು ಮತ್ತು ನಿಮ್ಮ ಸರಕು ಅಷ್ಟೇ. ಎರಡನೆಯದರಲ್ಲಿ ಇರುವುದೇ ಬೇರೆಯವರ ಮಾತು. ರಿಪೋರ್ಟಿನ ಕೊನೆಗೆ ಬ್ರ್ಯಾಂಡುಗಳ ಪಟ್ಟಿ ಇದ್ದರೆ ಅದು ಸೆಕ್ಷನ್ 11ಕ್ಕೆ ಸೇರಿದ್ದು. ಅಕ್ಕನ ರಿಪೋರ್ಟಿನಲ್ಲಿ ಎರಡೂ ಇವೆ. ಇವನ್ನು ಒಟ್ಟಿಗೆ ಹೇಳಬೇಡಿ. ಒಂದು ಮುಗಿಸಿ, ಅವರಿಗೆ ಅರ್ಥವಾಯಿತು ಅಂತ ಖಾತ್ರಿಯಾದ ಮೇಲೆ ಇನ್ನೊಂದಕ್ಕೆ ಹೋಗಿ.

ಸೆಕ್ಷನ್ 9: ‘ಖಡಕ್ ರೊಟ್ಟಿ’ ಎಲ್ಲರದ್ದೂ ಅಲ್ವಾ?

ರಿಪೋರ್ಟಿನಲ್ಲಿ 9(1)(b) ಅಂತ ಬರೆದು, ಈ ಗುರುತು ಸರಕಿನ ಬಗೆ, ಗುಣ, ಪ್ರಮಾಣ, ಉಪಯೋಗ, ಬೆಲೆ, ಊರು ಇಂಥವನ್ನು ಸೂಚಿಸುವ ಪದಗಳಿಂದ ಮಾತ್ರವೇ ಆಗಿದೆ ಅನ್ನುವ ಉದ್ದ ವಾಕ್ಯ ಹಾಕಿರುತ್ತಾರೆ. ಕಾಯ್ದೆಯಲ್ಲಿ ಎಷ್ಟು ಪದ ಇವೆಯೋ ಅಷ್ಟನ್ನೂ ಎತ್ತಿ ಬರೆಯುವುದರಿಂದ ಅಕ್ಕನ ಹೆಸರಿನಲ್ಲಿ ಊರೂ ಇಲ್ಲ, ಬೆಲೆಯೂ ಇಲ್ಲ, ಆದರೂ ಅವೆಲ್ಲ ಅಲ್ಲಿ ಕಾಣುತ್ತವೆ. ಅವನ್ನು ಬಿಡಿ. ಯಾವ ಪದದ ಮೇಲೆ ಅಧಿಕಾರಿಗೆ ಅನುಮಾನ ಬಂದಿರಬಹುದು ಅಂತ ನೋಡಿ. ಇಲ್ಲಿ ಅದು ‘ಖಡಕ್ ರೊಟ್ಟಿ’.

ಅಕ್ಕನಿಗೆ ಹೀಗೆ ಕೇಳಿ: ‘ನಿಮ್ಮ ಓಣಿಯಲ್ಲಿ ಇನ್ನೊಬ್ಬರು ಒಣ ರೊಟ್ಟಿ ಮಾಡಿ ಮಾರಿದರೆ ಅದನ್ನ ಏನಂತ ಕರೀತಾರೆ?’ ಖಡಕ್ ರೊಟ್ಟಿ ಅಂತಲೇ ಕರೆಯಬೇಕು, ಬೇರೆ ಪದ ಇಲ್ಲ. ಹಾಗಾದರೆ ಆ ಪದವನ್ನು ಒಬ್ಬರಿಗೇ ಬರೆದುಕೊಟ್ಟರೆ ಮಿಕ್ಕ ರೊಟ್ಟಿ ಸೆಂಟರ್‌ಗಳವರು ಏನು ಬರೆಯಬೇಕು? ಈ ಪ್ರಶ್ನೆ ಕೇಳಿದ ತಕ್ಷಣ ಬಹುತೇಕ ಮಾಲೀಕರಿಗೆ ಇಲಾಖೆ ಏನು ಹೇಳುತ್ತಿದೆ ಅಂತ ತಾನಾಗಿ ಹೊಳೆಯುತ್ತದೆ. ಕಾನೂನಿನ ಯಾವ ಮಾತೂ ಬೇಕಾಗುವುದಿಲ್ಲ.

ಉತ್ತರ ಇರುವುದು ಆ ವಾಕ್ಯದ ‘ಮಾತ್ರವೇ’ ಅನ್ನುವ ಪದದಲ್ಲಿ. ಗುರುತು ಪೂರ್ತಿ ಅಂಥ ಪದಗಳಿಂದಲೇ ಆಗಿದ್ದರೆ ಮಾತ್ರ ಈ ಆಬ್ಜೆಕ್ಷನ್ ನಿಲ್ಲುತ್ತದೆ. ಅಕ್ಕನ ಲೇಬಲ್ಲಿನಲ್ಲಿ ‘ಬೆಳ್ಳಿಚುಕ್ಕಿ’ ಇದೆ. ಬೆಳಗಿನ ಜಾವ ಕಾಣುವ ಆ ನಕ್ಷತ್ರಕ್ಕೂ ಜೋಳದ ರೊಟ್ಟಿಗೂ ಏನೂ ಸಂಬಂಧ ಇಲ್ಲ. ಆ ಹೆಸರು ಕೇಳಿದರೆ ರೊಟ್ಟಿಯ ರುಚಿ, ತೂಕ, ಊರು ಯಾವುದೂ ತಿಳಿಯುವುದಿಲ್ಲ. ಆದ್ದರಿಂದಲೇ ಅದು ಬ್ರ್ಯಾಂಡ್ ಹೆಸರಾಗಿ ಗಟ್ಟಿ. ಉತ್ತರದಲ್ಲಿ ಎರಡು ಮಾತು ಬರೆದರೆ ಸಾಕು: ಗುರುತನ್ನು ಇಡಿಯಾಗಿ ನೋಡಬೇಕು, ತುಂಡು ಮಾಡಿ ನೋಡಬಾರದು ಅನ್ನುವುದು ಒಂದು. ‘ಖಡಕ್ ರೊಟ್ಟಿ’ ಅನ್ನುವ ಪದಗಳ ಮೇಲೆ ಬಿಡಿಯಾಗಿ ನಮಗೆ ಹಕ್ಕು ಬೇಡ ಅನ್ನುವುದು ಇನ್ನೊಂದು. ಸೆಕ್ಷನ್ 17 ಹೇಳುವುದೂ ಇದನ್ನೇ, ಇಡೀ ಗುರುತು ನೋಂದಣಿ ಆದರೆ ಹಕ್ಕು ಇಡೀ ಗುರುತಿಗೆ.

ಎರಡನೇ ಮಾತಿಗೆ ಮಾಲೀಕರ ಒಪ್ಪಿಗೆ ಕೇಳಿಯೇ ಬರೆಯಿರಿ. ‘ಬೇಡ ಅಂತ ಬರೆದರೆ ನಾನು ಪ್ಯಾಕೆಟ್ ಮೇಲೆ ಖಡಕ್ ರೊಟ್ಟಿ ಅಂತ ಹಾಕಬಾರದಾ?’ ಅಂತ ಕೇಳುತ್ತಾರೆ. ಹಾಕಬಹುದು. ಬೇರೆಯವರು ಹಾಕುವುದನ್ನು ತಡೆಯಲು ಆಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಕಷ್ಟದ ಸಂದರ್ಭ. ಅಕ್ಕ ಬರೀ ‘ಖಡಕ್ ರೊಟ್ಟಿ’ ಅನ್ನುವ ಹೆಸರಿಗೇ ಅರ್ಜಿ ಹಾಕಿದ್ದರೆ? ಆಗ ಈ ವಾದ ನಡೆಯುವುದಿಲ್ಲ. ಕಾಯ್ದೆ ಒಂದೇ ಒಂದು ಬಾಗಿಲು ಬಿಟ್ಟಿದೆ. ಅರ್ಜಿ ಹಾಕುವ ದಿನಕ್ಕೆ ಮುಂಚೆಯೇ, ಬಳಸಿ ಬಳಸಿ ಜನ ಆ ಹೆಸರು ಕೇಳಿದರೆ ಈ ಒಬ್ಬ ಮಾರಾಟಗಾರರನ್ನೇ ನೆನೆಯುವಷ್ಟು ಅದು ಗುರುತಾಗಿರಬೇಕು. ಅರ್ಜಿ ಹಾಕಿದ ಮೇಲಿನ ಬಿಲ್ಲು, ಜಾಹೀರಾತು ಇದಕ್ಕೆ ನೆರವಾಗುವುದಿಲ್ಲ. ಒಂದು ಜಿಲ್ಲೆಯಲ್ಲಿ ಕೆಲವು ವರ್ಷ ಮಾರಿದ ಬ್ರ್ಯಾಂಡಿಗೆ, ಅದೂ ಇಷ್ಟು ಸಾಮಾನ್ಯ ಪದಕ್ಕೆ, ಇದನ್ನು ಸಾಬೀತು ಮಾಡುವುದು ಹೆಚ್ಚುಕಡಿಮೆ ಆಗದ ಮಾತು. ಇದ್ದ ಅರ್ಜಿಯಲ್ಲೇ ಹೆಸರಿನ ಮುಂದೆ ‘ಬೆಳ್ಳಿಚುಕ್ಕಿ’ ಸೇರಿಸಿಬಿಡೋಣ ಅಂದರೆ ಅದಕ್ಕೂ ಅವಕಾಶ ಇಲ್ಲ, ಗುರುತನ್ನೇ ಬದಲಿಸುವ ತಿದ್ದುಪಡಿಯನ್ನು ಇಲಾಖೆ ಒಪ್ಪುವುದಿಲ್ಲ. ಹೊಸ ಅರ್ಜಿಗೆ ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ಆನ್‌ಲೈನಿನಲ್ಲಿ ಒಂದು ಕ್ಲಾಸಿಗೆ 4,500 ರೂಪಾಯಿ ಫೀ. ಸೋಲುವ ವಾದಕ್ಕೆ ದುಡ್ಡು ಸುರಿಯುವ ಬದಲು ಒಳ್ಳೆಯ ಹೆಸರಿಗೆ ಈ ಫೀ ಕಟ್ಟಿ ಅಂತ ನೇರವಾಗಿ ಹೇಳುವುದೇ ಮಾಲೀಕರಿಗೆ ಮಾಡುವ ಉಪಕಾರ. ಅವರಿಗೆ ಬೇಸರವಾದರೂ ಪರವಾಗಿಲ್ಲ.

ಸೆಕ್ಷನ್ 11: ಪಟ್ಟಿಯಲ್ಲಿರುವ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿ

ಅಕ್ಕನ ರಿಪೋರ್ಟಿನ ಕೊನೆಗೆ ಮೂರು ಬ್ರ್ಯಾಂಡುಗಳಿವೆ ಅಂದುಕೊಳ್ಳೋಣ. ಎಲ್ಲವೂ 30ನೇ ಕ್ಲಾಸಿನವೇ. ಒಂದೊಂದರ ಪಕ್ಕದಲ್ಲೂ ಅರ್ಜಿ ನಂಬರ್, ಸರಕು, ಯಾರದ್ದು, ಯಾವಾಗಿನಿಂದ ಬಳಕೆ, ಸ್ಟೇಟಸ್ ಏನು ಅಂತ ಇದೆ. ಮೂರು ಹೆಸರು ನೋಡಿ ಮಾಲೀಕರು ‘ಮೂರು ಜನ ನಮ್ಮ ಮೇಲೆ ಕಂಪ್ಲೇಂಟ್ ಕೊಟ್ಟಿದ್ದಾರೆ’ ಅಂತ ತಿಳಿದುಕೊಳ್ಳುವುದು ಸಾಮಾನ್ಯ. ಆ ಮೂವರಿಗೆ ಅಕ್ಕನ ಅರ್ಜಿಯ ವಿಷಯ ಗೊತ್ತೇ ಇಲ್ಲದಿರಬಹುದು. ಕಂಪ್ಯೂಟರಿನಲ್ಲಿ ಹುಡುಕಿದಾಗ ಸಿಕ್ಕ ಹೆಸರುಗಳಲ್ಲಿ ಹತ್ತಿರದವು ಅನ್ನಿಸಿದ್ದನ್ನು ಅಧಿಕಾರಿ ಪಟ್ಟಿ ಮಾಡಿರುತ್ತಾರೆ. ಅಕ್ಷರ ಬೇರೆ ಇದ್ದರೂ ಕಿವಿಗೆ ಒಂದೇ ಥರ ಕೇಳಿದರೆ ಅದೂ ಸೇರುತ್ತದೆ. ‘ಅವರು ಇಂಗ್ಲಿಷ್‌ನಲ್ಲಿ ಬರೆದಿದ್ದಾರೆ, ನಾವು ಕನ್ನಡದಲ್ಲಿ ಬರೆದಿದ್ದೇವೆ’ ಅನ್ನುವ ಉತ್ತರಕ್ಕೆ ಹಾಗಾಗಿ ಬಲ ಕಡಿಮೆ.

ರಿಪೋರ್ಟಿನಲ್ಲಿರುವ ಸ್ಟೇಟಸ್ ಅದನ್ನು ತಯಾರಿಸಿದ ದಿನದ್ದು. ಆದ್ದರಿಂದ ಮೊದಲು ಒಂದೊಂದು ಅರ್ಜಿ ನಂಬರನ್ನೂ ಸೈಟಿನಲ್ಲಿ ಹಾಕಿ ಇವತ್ತಿನ ಸ್ಟೇಟಸ್ ನೋಡಿ.

ಮೊದಲನೆಯದು ‘ಚುಕ್ಕಿ’, ಬಿಸ್ಕತ್ತಿಗೆ ಹಾಕಿದ್ದ ಅರ್ಜಿ. ನೋಡಿದರೆ ಈಗ `Abandoned` ಆಗಿದೆ. ಅದು ಇನ್ನು ಅಡ್ಡ ಬರುವುದಿಲ್ಲ. ಆ ಪುಟವನ್ನು ಪ್ರಿಂಟ್ ತೆಗೆದು ಉತ್ತರಕ್ಕೆ ಲಗತ್ತಿಸಿದರೆ ಮುಗಿಯಿತು.

ಎರಡನೆಯದು ‘ಬೆಳ್ಳಿ ಚುಕ್ಕಿ’, ಟೀ ಪುಡಿಗೆ, 2016ರ ಅರ್ಜಿ, ನೋಂದಣಿ ಆಗಿದೆ. ಹೆಸರು ಒಂದೇ. ಹೆಸರು ಬೇರೆ ಅಂತ ವಾದ ಮಾಡುವುದು ವ್ಯರ್ಥ. ಆದರೆ ಸರಕು? ಅವರದ್ದು ಟೀ, ಅಕ್ಕನದ್ದು ರೊಟ್ಟಿ. ಹಾಗಿದ್ದರೂ ಅಧಿಕಾರಿ ಇದನ್ನು ಹಿಡಿದದ್ದು ಯಾಕೆ? ಅಕ್ಕನ ಅರ್ಜಿಯಲ್ಲೂ ಟೀ ಇದೆಯಲ್ಲ! ಏಜೆಂಟ್ ಎತ್ತಿ ಹಾಕಿದ ಆ ಉದ್ದ ಪಟ್ಟಿ ಈಗ ಕಾಲಿಗೆ ತೊಡರಿಕೊಂಡಿದೆ. ಮಾಲೀಕರನ್ನು ಕೇಳಿ, ‘ನೀವು ಯಾವತ್ತಾದರೂ ಟೀ, ಕಾಫಿ ಮಾರುತ್ತೀರಾ?’ ಇಲ್ಲ ಅಂದರೆ TM-M ಫಾರ್ಮ್ ಹಾಕಿ ಅವನ್ನೆಲ್ಲ ಪಟ್ಟಿಯಿಂದ ತೆಗೆಸಿ. ಇದಕ್ಕೆ ಆನ್‌ಲೈನಿನಲ್ಲಿ 900 ರೂಪಾಯಿ ಫೀ ಇದೆ. ಪಟ್ಟಿಯಿಂದ ತೆಗೆಯಬಹುದು, ಹೊಸದು ಸೇರಿಸಲು ಆಗುವುದಿಲ್ಲ. ಹಾಗಾಗಿ ಏನು ಉಳಿಯಬೇಕು ಅನ್ನುವುದನ್ನು ಯೋಚಿಸಿ ನಿರ್ಧರಿಸಲಿ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಚಟ್ನಿಪುಡಿ, ಮಸಾಲೆ ಪುಡಿ ಇಷ್ಟು ಉಳಿದರೆ ಅಕ್ಕನ ವ್ಯಾಪಾರಕ್ಕೆ ಸಾಕು.

ಇಲ್ಲಿ ಉಪಯೋಗಕ್ಕೆ ಬರುವ ತೀರ್ಪು ನಮ್ಮ ಕರ್ನಾಟಕದ್ದೇ ಒಂದು ವಿವಾದದಿಂದ ಬಂದದ್ದು. ಕೆಎಂಎಫ್ 1985ರಿಂದ ‘ನಂದಿನಿ’ ಹೆಸರಿನಲ್ಲಿ ಹಾಲು ಮಾರುತ್ತಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ ತಮ್ಮ ಹೋಟೆಲುಗಳಿಗೆ ಅದೇ ಹೆಸರು ಬಳಸುತ್ತಿದ್ದರು, ಇಂಗ್ಲಿಷ್‌ನಲ್ಲಿ ಒಂದು ಅಕ್ಷರ ಮಾತ್ರ ಹೆಚ್ಚು. ಹೋಟೆಲಿನವರು ತಮ್ಮ ಗುರುತಿನ ನೋಂದಣಿಗೆ ಹೋದಾಗ ಕೆಎಂಎಫ್ ವಿರೋಧಿಸಿತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನವರ ಪರ ತೀರ್ಪು ಕೊಟ್ಟಿತು. ಎರಡೂ ಒಂದೇ ಕ್ಲಾಸಿನಲ್ಲಿ ಬರುತ್ತವೆ ಅನ್ನುವ ಒಂದೇ ಕಾರಣಕ್ಕೆ ಸರಕು ಒಂದೇ ಥರದ್ದು ಅನ್ನಲು ಆಗುವುದಿಲ್ಲ ಅಂತ ಕೋರ್ಟ್ ಹೇಳಿತು. ಚಿತ್ರ, ಬರವಣಿಗೆ ಬೇರೆ ಇರುವುದನ್ನೂ, ನಂದಿನಿ ಅನ್ನುವುದು ಪುರಾಣದ ಹೆಸರು ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿನವರಿಗೆ ನೋಂದಣಿ ಇಲ್ಲ ಅಂತಾಯಿತು. ಅಂದರೆ ತಗಾದೆಯ ಸರಕನ್ನು ಹೊರಗಿಟ್ಟು ಉಳಿದದ್ದನ್ನು ಪಡೆದರು. ಅಕ್ಕನಿಗೆ ನಾವು ಹೇಳುತ್ತಿರುವ ದಾರಿಯೂ ಅದೇ. ನಂದಿನಿ ಹಾಲಿನ ಕಥೆ ಹೇಳಿದರೆ ಕರ್ನಾಟಕದ ಯಾವ ಅಂಗಡಿಯವರಿಗೂ ಇದು ತಕ್ಷಣ ಅರ್ಥವಾಗುತ್ತದೆ.

ಆದರೆ ಇದರ ಮಿತಿಯನ್ನೂ ಹೇಳಿ. ಟೀ ಮತ್ತು ರೊಟ್ಟಿ ಒಂದೇ ಕಿರಾಣಿ ಅಂಗಡಿಯಲ್ಲಿ, ಒಂದೇ ಗಿರಾಕಿಗೆ ಮಾರಾಟವಾಗುತ್ತವೆ, ಆದ್ದರಿಂದ ಜನ ಗೊಂದಲಕ್ಕೆ ಬೀಳಬಹುದು ಅಂತ ಅಧಿಕಾರಿ ಹೇಳಬಹುದು. ಹೆಸರು ಒಂದೇ ಆಗಿರುವಾಗ ಈ ಮಾತಿಗೆ ತೂಕ ಇದೆ. ಟೀ ಬ್ರ್ಯಾಂಡಿನವರಿಂದ ನಮ್ಮದೇನೂ ಅಭ್ಯಂತರ ಇಲ್ಲ ಅನ್ನುವ ಒಪ್ಪಿಗೆ ಪತ್ರ ಸಿಕ್ಕರೆ ಬಹಳ ನೆರವಾಗುತ್ತದೆ. ಆದರೆ ಕೇಳಲು ಹೋದರೆ ಸುಮ್ನೆ ಇದ್ದವರನ್ನು ಎಬ್ಬಿಸಿದಂತೆಯೂ ಆಗಬಹುದು. ಕೇಳಬೇಕೋ ಬೇಡವೋ ಅನ್ನುವುದನ್ನು ವಕೀಲರ ಜೊತೆ ಕೂತು ನಿರ್ಧರಿಸುವುದು ಒಳ್ಳೆಯದು.

ಮೂರನೆಯದು ನಿಜವಾದ ತಲೆನೋವು. ‘ಬೆಳ್ಳಿಚುಕ್ಕೆ’, ರೊಟ್ಟಿ, ಶಾವಿಗೆ, ಹುರಿಹಿಟ್ಟಿಗೆ. 2021ರಲ್ಲಿ ಹಾಕಿದ ಅರ್ಜಿ, ಆಗ `Proposed to be used`. ಈಗಲೂ `Objected` ಸ್ಥಿತಿಯಲ್ಲೇ ಇದೆ. ಹೆಸರೂ ಹತ್ತಿರ, ಸರಕೂ ಅದೇ. ಅರ್ಜಿ ಹಾಕಿದ್ದು ಅವರು ಮೊದಲು, ಮಾರಲು ಶುರು ಮಾಡಿದ್ದು ಅಕ್ಕ ಮೊದಲು. ‘ನಾನು 2018ರಿಂದ ಮಾರ್ತೀನಿ, ಅವರು ಹೆಂಗ ನನಗಿಂತ ಮೊದಲು?’ ಅಂತ ಅಕ್ಕ ಕೇಳುವುದು ನ್ಯಾಯವೇ. ಸೆಕ್ಷನ್ 11ರಲ್ಲಿ ರಿಜಿಸ್ಟ್ರಿ ಮೊದಲು ನೋಡುವುದು ಯಾರ ಅರ್ಜಿ ಹಿಂದಿನದು ಅನ್ನುವುದನ್ನು. ಮಾರಾಟದ ಹಿರಿತನವನ್ನು ನಾವೇ ಎತ್ತಿ ತೋರಿಸಬೇಕು. ಪ್ರಾಮಾಣಿಕವಾಗಿ ಜೊತೆಜೊತೆಗೆ ಬಳಸುತ್ತಿರುವವರಿಗೂ ನೋಂದಣಿ ಕೊಡಬಹುದು ಅಂತ ಸೆಕ್ಷನ್ 12 ಹೇಳುತ್ತದೆ. ಮೊದಲಿನಿಂದ ಬಿಡದೆ ಬಳಸುತ್ತಿರುವವರ ಹಕ್ಕನ್ನು ಆಮೇಲೆ ಬಂದವರ ನೋಂದಣಿ ಕಿತ್ತುಕೊಳ್ಳಲಾಗದು ಅಂತ ಸೆಕ್ಷನ್ 34 ಹೇಳುತ್ತದೆ. ಎರಡಕ್ಕೂ ದಾಖಲೆ ಬೇಕು.

ಬಿಲ್ ಬುಕ್ ತೆಗೆಯಿರಿ

ದಾಖಲೆ ಅಂದರೆ ಏನು ಅನ್ನುವುದರಲ್ಲೇ ಗೊಂದಲ ಇದೆ. ಅಕ್ಕ 2018ರ ಒಂದು ಬಿಲ್ ತಂದು ಕೊಡುತ್ತಾರೆ. ‘ರೊಟ್ಟಿ 100, ಚಟ್ನಿಪುಡಿ 2 ಕೆಜಿ’ ಅಂತ ಪೆನ್ನಿನಲ್ಲಿ ಬರೆದಿದೆ. ಮೇಲೆ ಅಕ್ಕನ ಹೆಸರು, ಊರು ಇದೆ. ಬೆಳ್ಳಿಚುಕ್ಕಿ ಅಂತ ಎಲ್ಲೂ ಇಲ್ಲ. ಅವರು ರೊಟ್ಟಿ ಮಾರುತ್ತಿದ್ದರು ಅನ್ನುವುದನ್ನು ಈ ಬಿಲ್ ತೋರಿಸುತ್ತದೆ, ಆ ಹೆಸರಿನಲ್ಲಿ ಮಾರುತ್ತಿದ್ದರು ಅನ್ನುವುದನ್ನು ತೋರಿಸುವುದಿಲ್ಲ. ಅದರ ಜೊತೆಗೆ ಪ್ರಿಂಟಿಂಗ್ ಪ್ರೆಸ್ಸಿನವರ ಬಿಲ್ ಹುಡುಕಿ. ‘ಬೆಳ್ಳಿಚುಕ್ಕಿ ಸ್ಟಿಕರ್ 1000’ ಅಂತ ದಿನಾಂಕ ಸಮೇತ ಸಿಕ್ಕರೆ ಅದು ಬಂಗಾರ. ಮೇಳದ ಸ್ಟಾಲಿನ ಬ್ಯಾನರ್ ಫೋಟೊ, ದಿನಾಂಕ ಇರುವ ಫೇಸ್‌ಬುಕ್ ಪೋಸ್ಟ್, ಅಂಗಡಿಯವರು ಬ್ರ್ಯಾಂಡ್ ಹೆಸರು ಹಾಕಿ ಕಳಿಸಿದ ವಾಟ್ಸಾಪ್ ಆರ್ಡರ್, ಪ್ಯಾಕೆಟ್ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಜೊತೆ ಹೆಸರು ಕಾಣುವ ಚಿತ್ರ, ಇವೆಲ್ಲ ಆಗುತ್ತವೆ. ವರ್ಷಕ್ಕೆ ಒಂದೆರಡಾದರೂ ಇರಲಿ, ನಡುವೆ ವರ್ಷಗಟ್ಟಲೆ ಖಾಲಿ ಬಿಡಬೇಡಿ. ಕನ್ನಡದ ಬಿಲ್ಲಿಗೆ ಇಂಗ್ಲಿಷ್ ಅನುವಾದ ಜೊತೆಗಿಡಿ. ಇವನ್ನೆಲ್ಲ ವರ್ಷವಾರು ಜೋಡಿಸಿ, ಮಾಲೀಕರ ನೋಟರಿ ಆದ ಅಫಿಡವಿಟ್ ಜೊತೆ ಕೊಡಬೇಕು.

ಸಿಕ್ಕ ಅತಿ ಹಳೆಯ ಕಾಗದ 2019ರ ಜನವರಿಯದ್ದು ಅಂದುಕೊಳ್ಳಿ. ಅರ್ಜಿಯಲ್ಲಿ 2018ರ ಏಪ್ರಿಲ್ ಅಂತಿದೆ. ಇದನ್ನು ಅಡಗಿಸಿ ಬರೆಯಬೇಡಿ, ಹಳೇ ದಿನಾಂಕ ಹಾಕಿ ಹೊಸ ಬಿಲ್ ಮಾಡಿಸುವ ಯೋಚನೆಯನ್ನಂತೂ ಮಾಡಲೇಬೇಡಿ. ಅಫಿಡವಿಟ್ ಅಂದರೆ ಪ್ರಮಾಣ ಮಾಡಿ ಹೇಳಿದ ಮಾತು. 2019ರಿಂದ ದಾಖಲೆ ಇದೆ ಅಂತ ನಿಜವನ್ನೇ ಹೇಳಿದರೂ ಅದು 2021ಕ್ಕಿಂತ ಹಿಂದಿನದೇ ಅಲ್ವಾ? ವಾದಕ್ಕೆ ಅಷ್ಟು ಸಾಕು. ಅಫಿಡವಿಟ್ಟಿನ ಪ್ರತಿ ಸಾಲನ್ನೂ ಸಹಿಗೆ ಮುಂಚೆ ಕನ್ನಡದಲ್ಲಿ ಓದಿ ಹೇಳಿ. ತನಗೆ ಗೊತ್ತಿಲ್ಲದ ಇಂಗ್ಲಿಷ್ ಕಾಗದಕ್ಕೆ ಯಾರಿಂದಲೂ ಸಹಿ ಹಾಕಿಸಬಾರದು.

ಉತ್ತರ ಕಳಿಸಿದ ಮೇಲೆ

ಉತ್ತರವನ್ನು ಆನ್‌ಲೈನಿನಲ್ಲಿ MIS-R ಅನ್ನುವ ಫಾರ್ಮಿನಲ್ಲಿ ಸಲ್ಲಿಸುತ್ತಾರೆ. ಸಲ್ಲಿಸಿದ ರಸೀದಿಯನ್ನೂ, ಉತ್ತರದ ಪ್ರತಿಯನ್ನೂ ಮಾಲೀಕರ ಕೈಗೆ ಕೊಡಿ. ಉತ್ತರದಲ್ಲಿ ಮೊದಲು ಸೆಕ್ಷನ್ 9, ಆಮೇಲೆ ಸೆಕ್ಷನ್ 11ರ ಮೂರು ಹೆಸರುಗಳನ್ನು ಒಂದೊಂದಾಗಿ ಎತ್ತಿಕೊಂಡು ಬರೆದಿರಬೇಕು. ಮೂರಕ್ಕೂ ಸೇರಿಸಿ ‘ನಮ್ಮ ಗುರುತು ಪೂರ್ತಿ ಬೇರೆ’ ಅಂತ ಒಂದೇ ಪ್ಯಾರಾ ಬರೆದು, ಕೆಳಗೆ ಹತ್ತಾರು ತೀರ್ಪುಗಳ ಹೆಸರು ತುಂಬಿದ್ದರೆ ಅದು ಎಲ್ಲ ಕಕ್ಷಿದಾರರಿಗೂ ಕೊಡುವ ಸಿದ್ಧ ಉತ್ತರ. ಅದರಲ್ಲಿ ಅಕ್ಕನ ಸ್ಟಿಕರ್ ಬಿಲ್ಲಿನ ಮಾತು ಇದೆಯಾ ಅಂತ ಹುಡುಕಿ ನೋಡಿ, ಗೊತ್ತಾಗುತ್ತದೆ.

ಉತ್ತರ ಒಪ್ಪಿಗೆಯಾದರೆ ಗುರುತು ಜರ್ನಲ್‌ಗೆ ಹೋಗುತ್ತದೆ. ಆಗದಿದ್ದರೆ ಸ್ಟೇಟಸ್ `Ready for Show Cause Hearing` ಅಂತ ಬದಲಾಗಿ, ಮುಂದೆ ವಿಚಾರಣೆಯ ದಿನಾಂಕ ಬರುತ್ತದೆ. ವಿಚಾರಣೆ ಸಾಮಾನ್ಯವಾಗಿ ವಿಡಿಯೊ ಕಾಲ್‌ನಲ್ಲೇ ನಡೆಯುತ್ತದೆ, ಚೆನ್ನೈಗೆ ಓಡಬೇಕಿಲ್ಲ. ಅಲ್ಲಿ ಮಾತಾಡಲು ಸಿಗುವ ಸಮಯ ಕಡಿಮೆ. ಅಕ್ಕನ ಪರವಾಗಿ ಮಾತಾಡುವವರ ಮುಂದೆ ಮೂರು ಕಾಗದ ಇರಲಿ: ಕೈಬಿಟ್ಟ ‘ಚುಕ್ಕಿ’ ಅರ್ಜಿಯ ಇವತ್ತಿನ ಸ್ಟೇಟಸ್, ಟೀ ತೆಗೆದುಹಾಕಿದ ಸರಕಿನ ಪಟ್ಟಿ, 2021ಕ್ಕಿಂತ ಹಿಂದಿನ ಬಿಲ್ಲು. ಕರೆದ ದಿನ ಯಾರೂ ಹಾಜರಾಗದಿದ್ದರೆ ಅರ್ಜಿ ತಿರಸ್ಕಾರವಾಗುವ ಅಪಾಯ ಇದೆ. ತಿರಸ್ಕಾರವಾದರೂ ಹೈಕೋರ್ಟಿಗೆ ಮೇಲ್ಮನವಿ ಹೋಗಲು ಆದೇಶ ತಿಳಿಸಿದ ದಿನದಿಂದ 3 ತಿಂಗಳ ಕಾಲಾವಕಾಶ ಇರುತ್ತದೆ. ಅಷ್ಟು ದೂರ ಹೋಗುವ ಖರ್ಚು ರೊಟ್ಟಿ ವ್ಯಾಪಾರ ತಡೆಯುತ್ತದಾ ಅನ್ನುವುದನ್ನು ಆಗ ಲೆಕ್ಕ ಹಾಕಬೇಕು.

ಜರ್ನಲ್‌ನಲ್ಲಿ ಬಂದ ಮೇಲೆ 4 ತಿಂಗಳು ಕಾಯಬೇಕು. ಟೀಯವರೋ, ‘ಬೆಳ್ಳಿಚುಕ್ಕೆ’ಯವರೋ ತಕರಾರು ಹಾಕುವುದಿದ್ದರೆ ಆ ಅವಧಿಯಲ್ಲಿ ಹಾಕುತ್ತಾರೆ. ಹಾಕಿದರೆ ಅದರ ನೋಟಿಸ್ ಕೈಸೇರಿದ 2 ತಿಂಗಳೊಳಗೆ ಎದುರು ಹೇಳಿಕೆ ಕೊಡಬೇಕು, ಅದೂ ಅದೇ ಈಮೇಲಿಗೆ ಬರುತ್ತದೆ. ಆದ್ದರಿಂದ ಉತ್ತರ ಸಲ್ಲಿಸುವ ವಾರವೇ, ಅರ್ಜಿಯಲ್ಲಿರುವ ಈಮೇಲ್ ವಿಳಾಸ ಮಾಲೀಕರ ಫೋನಿನಲ್ಲಿ ತೆರೆಯುವಂಥದ್ದಾ ಅಂತ ನೋಡಿ, ಇಲ್ಲದಿದ್ದರೆ ಬದಲಾಯಿಸಿಕೊಡಿ.